ಸಹಾಯ ಬೇಕು: ಅಪ್ರೆಂಟಿಸ್ ಸ್ಟೈಪೆಂಡ್‌ನಲ್ಲಿ ಭಾನುವಾರಕ್ಕೂ ದುಡ್ಡು ಕಟ್ ಮಾಡಬಹುದಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಐಟಿಐ ಫಿಟ್ಟರ್ ಮುಗಿಸಿ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದಾನೆ. ಕಾಂಟ್ರ್ಯಾಕ್ಟ್‌ನಲ್ಲಿ ತಿಂಗಳಿಗೆ 9,100 ರೂಪಾಯಿ ಅಂತ ಇದೆ. ಕಳೆದ ತಿಂಗಳು ಕೈಗೆ ಬಂದಿದ್ದು 7,200.

ಕ್ಯಾಂಟೀನ್‌ಗೆ 600, ಸೇಫ್ಟಿ ಶೂ ಕಂತು 250 ಹಿಡಿದಿದ್ದಾರೆ. ಅದಕ್ಕೆ ಅವನೇ ಸಹಿ ಹಾಕಿದ್ದಾನೆ, ತಕರಾರಿಲ್ಲ. ತಲೆ ಕೆಟ್ಟಿರೋದು ಉಳಿದ 1,050ಕ್ಕೆ. ಜ್ವರ ಬಂದು ಶನಿವಾರ, ಸೋಮವಾರ ಹೋಗಿರಲಿಲ್ಲ. ಅವರು ನಡುವಿನ ಭಾನುವಾರವನ್ನೂ ಸೇರಿಸಿ ಮೂರು ದಿನ ಗೈರು ಅಂತ ಬರೆದು, ದಿನಕ್ಕೆ 350ರಂತೆ ಕಳೆದಿದ್ದಾರೆ.

ಈ 350 ಬಂದಿರೋದು 9,100ನ್ನು 26 ಕೆಲಸದ ದಿನಕ್ಕೆ ಭಾಗಿಸಿ. ಅಂದ್ರೆ ಆ ಲೆಕ್ಕದಲ್ಲಿ ಭಾನುವಾರಕ್ಕೆ ದುಡ್ಡೇ ಇಲ್ಲ, ಕೊಡದೇ ಇರೋದನ್ನ ಕಳೆಯೋದು ಹೇಗೆ? ಭಾನುವಾರ ಹಿಡಿಯೋದೇ ಆದ್ರೆ 30ರಿಂದ ಭಾಗಿಸಬೇಕು ಅಲ್ವಾ, ಆಗ ಮೂರು ದಿನಕ್ಕೆ 910 ಆಗುತ್ತೆ. 26ರ ಲೆಕ್ಕವಾದ್ರೆ ಎರಡು ದಿನಕ್ಕೆ 700. ಇವರು ಎರಡರಲ್ಲೂ ತಮಗೆ ಲಾಭ ಆಗೋದನ್ನೇ ತಗೊಂಡಿದ್ದಾರೆ.

ಎಚ್‌ಆರ್ ಹತ್ರ ಕೇಳಿದ್ರೆ "ಸಿಸ್ಟಮ್ ಹಾಗೇ ತೋರಿಸುತ್ತೆ" ಅಂತಾರೆ. ಕಾಂಟ್ರ್ಯಾಕ್ಟ್‌ನಲ್ಲಿ 26, 30 ಯಾವುದೂ ಇಲ್ಲ. 1992ರ ಅಪ್ರೆಂಟಿಸ್‌ಶಿಪ್ ನಿಯಮದಲ್ಲಿ ಮೆಡಿಕಲ್ ರಜೆಗೆ ಸ್ಟೈಪೆಂಡ್ ಕಡಿತ ಮಾಡಬಾರದು ಅಂತ ಓದಿದೆ. ಡಾಕ್ಟರ್ ಚೀಟಿ ಸೋಮವಾರವೇ ಸೂಪರ್‌ವೈಸರ್‌ಗೆ ವಾಟ್ಸಾಪ್ ಮಾಡಿದ್ದ.

ಗೊತ್ತಿರೋರು ಹೇಳಿ: ಆ ಚೀಟಿ ತೋರಿಸಿ ಪೂರ್ತಿ 1,050 ವಾಪಸ್ ಕೇಳಬಹುದಾ, ಅಥವಾ ಭಾನುವಾರದ 350 ಮಾತ್ರನಾ? ಎಚ್‌ಆರ್ ಒಪ್ಪದಿದ್ರೆ ಅರ್ಜಿ ಯಾರಿಗೆ ಕೊಡಬೇಕು?