ಕಟ್ಟೆಯ ಬಿರುಕು ಫೋಟೋದಲ್ಲಿ ಯಾಕೆ ಕಾಣಲಿಲ್ಲ

"ಚಿಕ್ಕಪ್ಪ, ಅಡುಗೆಮನೆ ಗ್ರಾನೈಟ್ ಕಟ್ಟೆ ನಾವೇ ಒಡೆದಿದ್ದು ಅಂತ ಓನರ್ ಅಡ್ವಾನ್ಸ್‌ನಲ್ಲಿ ದುಡ್ಡು ಹಿಡಿದುಕೊಂಡಿದ್ದಾರೆ. ಮನೆಗೆ ಬಂದ ದಿನವೇ ಬಿರುಕು ಇತ್ತು, ಫೋಟೋನೂ ತೆಗೆದಿದ್ವಿ. ಅಪ್ಪ ಅದನ್ನ ಕಳಿಸಿದ್ರೆ 'ಇದರಲ್ಲಿ ಬಿರುಕೇ ಕಾಣಲ್ಲ' ಅಂತಾರೆ. ಏನು ಮಾಡೋದು?"

ಪುಟ್ಟಿ, ಈಗ ತಾನೇ ನೋಡಿದೆ. ಸ್ವಲ್ಪ ಉದ್ದವಾಗುತ್ತೆ, ಕಾಫಿ ಹಿಡಿದುಕೊಂಡು ಕೇಳು. ಅಣ್ಣ ಕಳಿಸಿದ ಫೋಟೋ ನಾನೂ ದೊಡ್ಡದು ಮಾಡಿ ನೋಡಿದೆ. ಓನರ್ ಹೇಳೋದು ಸುಳ್ಳಲ್ಲ, ಅದರಲ್ಲಿ ಬಿರುಕು ನಿಜವಾಗಿಯೂ ಇಲ್ಲ. ಬಿರುಕಿನ ಜಾಗದಲ್ಲಿ ಬೂದು ಬಣ್ಣದ ಮಸುಕು ಮಾತ್ರ ಇದೆ. ಎಲ್ಲಿ ಹೋಯಿತು ಅಂತ ಲೆಕ್ಕ ಹಾಕಿದೆ.

ಫೋಟೋ ಅಂದರೆ ಚುಕ್ಕಿಗಳ ರಾಶಿ, ಪಿಕ್ಸೆಲ್ ಅಂತಾರಲ್ಲ ಅದೇ. ಅಳಿಯಂದಿರ ಫೋನು ತೆಗೆದ ಫೋಟೋ 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರ ಅಂದುಕೋ. ಒಟ್ಟು 1 ಕೋಟಿ 20 ಲಕ್ಷ ಚುಕ್ಕಿ. ಅದರಲ್ಲಿ ಸುಮಾರು 2 ಮೀಟರ್ ಉದ್ದದ ಕಟ್ಟೆ ಪೂರ್ತಿ ಬಂದಿದೆ. ಅಂದರೆ ಕಟ್ಟೆಯ ಒಂದು ಮಿಲಿಮೀಟರಿಗೆ ಎರಡು ಚುಕ್ಕಿ. ಬಿರುಕು ಒಂದು ಮಿಲಿಮೀಟರ್ ಇದ್ದರೂ ಎರಡು ಚುಕ್ಕಿ ಅಗಲದ ಗೆರೆಯಾಗಿ ಚೆನ್ನಾಗಿ ಕಾಣುತ್ತದೆ.

ಅವರು ಅದನ್ನು ನಮ್ಮ ಗ್ರೂಪಿಗೆ ಮಾಮೂಲಿಯಾಗಿ ಹಾಕಿದರು. ವಾಟ್ಸಾಪ್ ಅದನ್ನು ಸುಮಾರು 1600 ಚುಕ್ಕಿ ಅಗಲಕ್ಕೆ ಇಳಿಸಿತು. ಅತ್ತಿಗೆ ಅದನ್ನು ತೆರೆದು ಸ್ಕ್ರೀನ್‌ಶಾಟ್ ತೆಗೆದರು. ಪರದೆಯ ಅಗಲವೇ 1080 ಚುಕ್ಕಿ, ಆದ್ದರಿಂದ ಫೋಟೋನೂ 1080 ಆಯಿತು. ಅಣ್ಣ ಅದನ್ನು ಚಾಟ್ ಒಳಗೇ ಇಟ್ಟುಕೊಂಡು ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದರು. ಅಲ್ಲಿ ಚಿತ್ರ ಪರದೆಯ ಮುಕ್ಕಾಲು ಭಾಗವೂ ಇರಲಿಲ್ಲ, 700 ಚುಕ್ಕಿ ಅಂತಿಟ್ಟುಕೋ. ಈಗ ಕಟ್ಟೆಯ ಪಾಲಿಗೆ ಉಳಿದಿದ್ದು ಒಟ್ಟು ಮೂರೂಮುಕ್ಕಾಲು ಲಕ್ಷಕ್ಕೂ ಕಡಿಮೆ ಚುಕ್ಕಿ. ನೂರರಲ್ಲಿ ಮೂರು! ಎರಡು ಚುಕ್ಕಿ ಇದ್ದ ಬಿರುಕಿಗೆ ಈಗ ಒಂದು ಚುಕ್ಕಿಯ ಮೂರನೇ ಒಂದು ಭಾಗ. ಅರ್ಧ ಚುಕ್ಕಿ ಅನ್ನೋದು ಇರಲ್ಲ ಅಲ್ವಾ? ಹಾಗಾಗಿ ಬಿರುಕಿನ ಕಪ್ಪು, ಪಕ್ಕದ ಕಲ್ಲಿನ ಬೂದು, ಎರಡೂ ಸೇರಿ ಒಂದೇ ಬಣ್ಣವಾಗಿ ಕೂತಿವೆ. ಇನ್ನು ಎಷ್ಟು ದೊಡ್ಡದು ಮಾಡಿದರೂ ಆ ಮಸುಕೇ ದೊಡ್ಡದಾಗುತ್ತದೆ.

ಇದರ ಮೇಲೆ ಪ್ರತಿ ಸಲ ಕಳಿಸುವಾಗಲೂ ಜೆಪೆಗ್ ಹಿಂಡುವಿಕೆ ಬೇರೆ. ಅದು ಚಿತ್ರವನ್ನು ಎಂಟೆಂಟು ಚುಕ್ಕಿಯ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ಕಣ್ಣಿಗೆ ಗೊತ್ತಾಗದು ಅನ್ನಿಸಿದ ಸಣ್ಣ ಏರುಪೇರನ್ನು ಬಿಸಾಡುತ್ತದೆ. ತೆಳು ಗೆರೆ, ಸಣ್ಣ ಅಕ್ಷರ, ಮೀಟರ್ ಅಂಕಿ, ಇವೇ ಮೊದಲು ಹೋಗುವುದು. ಮುಖದ ಫೋಟೋ ಹತ್ತು ಕೈ ದಾಟಿ ಬಂದರೂ ಯಾರು ಅಂತ ಗೊತ್ತಾಗುತ್ತೆ. ಅದಕ್ಕೇ ನಮಗೆ ಈ ನಷ್ಟ ತಿಳಿಯುವುದೇ ಇಲ್ಲ.

ಒಂದು ಮೋಸ ಹೇಳುತ್ತೇನೆ ಕೇಳು. ಅಣ್ಣನ ಸ್ಕ್ರೀನ್‌ಶಾಟಿನ ವಿವರ ತೆಗೆದರೆ 1080 × 2400 ಅಂತ ಬರುತ್ತದೆ. ಗ್ರೂಪಿಗೆ ಬಂದ 1600 × 1200 ಫೋಟೋಗಿಂತ ಜಾಸ್ತಿ ಚುಕ್ಕಿ! 'ಇದೇ ಒಳ್ಳೇದು' ಅಂತ ಅನ್ನಿಸಿಬಿಡುತ್ತೆ. ಆದರೆ ಆ ಚುಕ್ಕಿಗಳಲ್ಲಿ ಬಹುಪಾಲು ಬ್ಯಾಟರಿ ಗುರುತು, ಹಸಿರು ಬಬಲ್, ಅತ್ತಿಗೆಯ ಗುಡ್ ಮಾರ್ನಿಂಗ್ ಹೂವು. ಅತ್ತಿಗೆ ಬೇಜಾರು ಮಾಡಿಕೊಳ್ಳಬೇಡಿ, ಹೂವು ಚೆನ್ನಾಗಿದೆ.

ಈಗ ಮಾಡಬೇಕಾದ್ದು. ಅಳಿಯಂದಿರ ಫೋನಿನಲ್ಲಿ ಕ್ಯಾಮೆರಾ ಫೋಲ್ಡರ್ ನೋಡಿ. ವಾಟ್ಸಾಪ್ ಫೋಲ್ಡರ್ ಅಲ್ಲ. ಆಂಡ್ರಾಯ್ಡ್‌ನಲ್ಲಿ ಹೆಸರಿನಿಂದಲೇ ಗೊತ್ತಾಗುತ್ತೆ. `IMG-20230611-WA0007.jpg` ಹೀಗೆ ಮಧ್ಯದಲ್ಲಿ WA ಇದ್ದರೆ ಅದು ವಾಟ್ಸಾಪ್ ದಾಟಿ ಬಂದ ಪ್ರತಿ. ಕ್ಯಾಮೆರಾದ್ದು ಬಹಳ ಫೋನುಗಳಲ್ಲಿ `IMG_20230611_101532.jpg` ಥರ ಇರುತ್ತದೆ, ದಿನಾಂಕದ ಜೊತೆ ಗಂಟೆ ನಿಮಿಷವೂ ಸೇರಿ. ಹಳೇ ಫೋನು ಕೊಟ್ಟುಬಿಟ್ಟಿದ್ದರೆ ಗೂಗಲ್ ಫೋಟೋಸ್‌ನಲ್ಲಿ ಆ ತಾರೀಖಿಗೆ ಹೋಗಿ ಹುಡುಕಿ, ಡೌನ್‌ಲೋಡ್ ಒತ್ತಿ ಇಳಿಸಿಕೊಳ್ಳಿ. ಸಿಕ್ಕ ಮೇಲೆ ವಿವರ ತೆರೆದು ನೋಡಿ. ತೆಗೆದ ದಿನ, ಸಮಯ, ಫೋನಿನ ಮಾಡೆಲ್ ಎಲ್ಲ ಇರಬೇಕು. ಮಾಮೂಲಿ ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಇದನ್ನೆಲ್ಲ ಕಿತ್ತುಹಾಕುತ್ತದೆ. ಸ್ಕ್ರೀನ್‌ಶಾಟ್‌ಗಂತೂ ಅದನ್ನು ಒತ್ತಿದ ದಿನದ ತಾರೀಖೇ ಬರುವುದು.

ನನಗೆ ಕಳಿಸುವಾಗ ಪೇಪರ್‌ಕ್ಲಿಪ್ ಒತ್ತಿ, ಡಾಕ್ಯುಮೆಂಟ್ ಆರಿಸಿ ಕಳಿಸು. ಹಾಗೆ ಕಳಿಸಿದರೆ ಫೈಲು ಇದ್ದ ಹಾಗೇ ಬರುತ್ತದೆ. ಎಚ್‌ಡಿ ಅನ್ನೋ ಆಯ್ಕೆ ಸಾಲದು, ಅದೂ ಹಿಂಡುತ್ತೆ, ಕಡಿಮೆ ಹಿಂಡುತ್ತೆ ಅಷ್ಟೇ. ಮೂಲದ ಮೇಲೆ ಕೆಂಪು ಸುತ್ತು ಹಾಕಿ ಸೇವ್ ಮಾಡಬೇಡ, ಕ್ರಾಪ್ ಕೂಡ ಬೇಡ. ಒಂದು ಪ್ರತಿ ಮಾಡಿಕೊಂಡು ಅದರ ಮೇಲೆ ಸುತ್ತು ಹಾಕು. ಓನರಿಗೆ ಎರಡನ್ನೂ ಇ-ಮೇಲ್ ಮಾಡು, ಸುತ್ತು ಹಾಕಿದ್ದು ಎಲ್ಲಿ ನೋಡಬೇಕು ಅಂತ ತೋರಿಸಲು, ಮೂಲ ನಿಜಕ್ಕೂ ನೋಡಲು.

ಹಾಗಂತ ಗ್ರೂಪಿನ ಹಳೇ ಮಸುಕು ಫೋಟೋ ಅಳಿಸಬೇಡಿ! ಯಾಕೆ ಅಂದರೆ ಫೋಟೋ ಒಳಗಿನ ತಾರೀಖನ್ನು ಯಾರು ಬೇಕಾದರೂ ಬದಲಾಯಿಸಬಹುದು, ಓನರ್ ಹಾಗಂತ ಅನ್ನಬಹುದು ಕೂಡ. ಆದರೆ ಅದೇ ಚಿತ್ರ ಅವತ್ತೇ ಈ ಗ್ರೂಪಿಗೆ ಬಂದಿದೆ, ಹಲವರ ಫೋನಿನಲ್ಲಿ ಅದೇ ತಾರೀಖಿನ ಸಂದೇಶದಲ್ಲಿ ಕೂತಿದೆ. ಬಿರುಕು ಇತ್ತು ಅನ್ನೋದಕ್ಕೆ ಮೂಲ ಸಾಕ್ಷಿ, ಯಾವಾಗ ಇತ್ತು ಅನ್ನೋದಕ್ಕೆ ಮಸುಕು ಪ್ರತಿ ಸಾಕ್ಷಿ. ಓನರ್‌ಗೂ ಅವತ್ತು ಕಳಿಸಿ 'ಕಟ್ಟೆ ಬಿರುಕು ಬಿಟ್ಟಿದೆ' ಅಂದಿದ್ದರೆ ಇನ್ನೂ ಗಟ್ಟಿ. ಆ ಚಾಟನ್ನು ಎಕ್ಸ್‌ಪೋರ್ಟ್ ಚಾಟ್‌ನಿಂದ ಮೀಡಿಯಾ ಸಮೇತ ತೆಗೆದಿಡು, ಫೋನಿನಲ್ಲೂ ಹಾಗೇ ಇರಲಿ. ಮೆಸೇಜ್ ತಾನಾಗೇ ಮಾಯವಾಗುವ ಸೆಟ್ಟಿಂಗ್ ಇದೆಯಾ ಅಂತ ಇವತ್ತೇ ನೋಡು.

ನನಗೆ ಇದು ಹೇಗೆ ಗೊತ್ತು ಅಂದರೆ, ಕಾರಿನ ಬಂಪರ್ ಕ್ಲೇಮಿನಲ್ಲಿ ಹೀಗೇ ಪೆಟ್ಟು ತಿಂದಿದ್ದೆ. ಜಾಗ ಇಲ್ಲ ಅಂತ ಕ್ಯಾಮೆರಾ ಫೋಟೋ ಅಳಿಸಿ ವಾಟ್ಸಾಪಿನದು ಉಳಿಸಿಕೊಂಡಿದ್ದೆ. ಸರ್ವೇಯರ್ ಮೂಲ ಕೇಳಿದಾಗ ಬಾಯಿ ಕಟ್ಟಿತು.

ಕೋರ್ಟು ಅಂತ ಅತ್ತಿಗೆ ಕೇಳಿದ್ದರು. ಅಷ್ಟು ದೂರ ಹೋಗಲಿಕ್ಕಿಲ್ಲ. ಹೋದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ನೋಡಬೇಕಾಗುತ್ತೆ. ಮೊದಲು ಇದ್ದ 65ಬಿ ಕಲಮಿನ ಜಾಗಕ್ಕೆ ಬಂದಿದ್ದು. ಫೋನಿನಿಂದ ತೆಗೆದ ಪ್ರತಿ ಕೊಟ್ಟರೆ ಜೊತೆಗೆ ಒಂದು ಪ್ರಮಾಣಪತ್ರ ಬೇಕು. ಒಂದು ಭಾಗಕ್ಕೆ ನೀವು ಸಹಿ ಹಾಕಬೇಕು, ಇನ್ನೊಂದಕ್ಕೆ ಪರಿಣತರು. ಅದರಲ್ಲಿ ಫೈಲಿನ ಹ್ಯಾಶ್ ಅನ್ನೋ ಸಂಖ್ಯೆನೂ ಬರೆಯಬೇಕು. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ. ಬರೀ ಹೆಸರು ಬದಲಾಯಿಸಿದರೆ ಅದು ಬದಲಾಗಲ್ಲ, ಒಳಗೆ ಒಂದು ಚುಕ್ಕಿ ಬದಲಾದರೂ ಪೂರ್ತಿ ಬೇರೆಯಾಗುತ್ತೆ. ಅಣ್ಣನ ಸ್ಕ್ರೀನ್‌ಶಾಟಿಗೂ ಹ್ಯಾಶ್ ಬರುತ್ತೆ, ಆದರೆ ಅದು ಸ್ಕ್ರೀನ್‌ಶಾಟಿನ ಹ್ಯಾಶ್, ಕಟ್ಟೆಯ ಫೋಟೋದ್ದಲ್ಲ. ಹೆಚ್ಚಿನದನ್ನು ವಕೀಲರನ್ನೇ ಕೇಳಿ.

ಅಳಿಯಂದಿರು ಆಫೀಸಿನಿಂದ ಬಂದ ಮೇಲೆ ಫೈಲ್ ಹುಡುಕಿಸು. ಸಿಕ್ಕರೆ ರಾತ್ರಿಯೇ ಡಾಕ್ಯುಮೆಂಟ್ ಆಗಿ ಹಾಕು, ನಾನು ಎದ್ದೇ ಇರುತ್ತೇನೆ. ಅಣ್ಣಾ, ನೀನು ಮಾತ್ರ ದಯವಿಟ್ಟು ಅದರ ಸ್ಕ್ರೀನ್‌ಶಾಟ್ ತೆಗೀಬೇಡ.