ಮೂರು ವಾರ ಪೋಸ್ಟ್‌ಗಳಿಗೆ ಪ್ರತಿಕ್ರಿಯಿಸಿ, ಆಮೇಲೆ ಮಾರಾಟದ ಮಾತು: ಈ ದಾರಿ ಸರಿಯೇ?

ಹೊಸಹೆಜ್ಜೆ
ಗೋದಾಮುಗಳ ದಾಸ್ತಾನು ಲೆಕ್ಕ ಇಡುವ ಸಾಫ್ಟ್‌ವೇರ್ ಮಾರುವ ಚಿಕ್ಕ ತಂಡದಲ್ಲಿದ್ದೇನೆ. ಯಂತ್ರಗಳ ಬಿಡಿಭಾಗ ವಿತರಿಸುವ ಕಂಪನಿಯೊಂದರ ಕಾರ್ಯಾಚರಣೆ ಮುಖ್ಯಸ್ಥರು ಲಿಂಕ್ಡ್‌ಇನ್‌ನಲ್ಲಿ ವಾರಕ್ಕೊಮ್ಮೆಯಾದರೂ ಬರೆಯುತ್ತಾರೆ. ಮೂರು ವಾರ ಅವರ ಪೋಸ್ಟ್‌ಗಳಿಗೆ ಪ್ರತಿಕ್ರಿಯಿಸು, ಪರಿಚಯವಾದ ಮೇಲೆ ಮಾರಾಟದ ಮಾತು ತೆಗೆ ಎಂದು ನಮ್ಮ ಮೇಲಧಿಕಾರಿ ಹೇಳಿದ್ದಾರೆ. ಏನು ಬರೆಯಬೇಕು, ಯಾವಾಗ ಕೇಳಬೇಕು? ಮನಸ್ಸಿನಲ್ಲಿ ಮಾರಾಟ ಇಟ್ಟುಕೊಂಡು ಸ್ನೇಹ ತೋರಿಸುವುದು ಮೋಸವಲ್ಲವೇ?

ವೇಗದೂತ
ಮೇಲಧಿಕಾರಿ ಹೇಳಿದ್ದು ಸರಿ. ಅವರನ್ನು ಫಾಲೋ ಮಾಡಿ, ಪ್ರೊಫೈಲ್‌ನಲ್ಲಿರುವ ಗಂಟೆಯ ಗುರುತನ್ನು ಒತ್ತಿಡಿ. ಹೊಸ ಪೋಸ್ಟ್ ಬಂದ ಕೂಡಲೇ ನಿಮಗೆ ತಿಳಿಯುತ್ತದೆ. ಮೊದಲ ವಾರ ಲೈಕ್, ಎರಡನೆಯ ವಾರ ಚಿಕ್ಕ ಕಾಮೆಂಟ್, ಮೂರನೆಯ ವಾರ ಕನೆಕ್ಷನ್ ಕೋರಿಕೆ, ಒಪ್ಪಿದ ದಿನವೇ ಡೆಮೊಗೆ ಸಮಯ ಕೇಳಿ. ಹಳೆಯ ಪೋಸ್ಟ್‌ಗಳಿಗೂ ಲೈಕ್ ಒತ್ತಿದರೆ ಹೆಸರು ಬೇಗ ನೆನಪಿನಲ್ಲಿ ಉಳಿಯುತ್ತದೆ. ಲಿಂಕ್ಡ್‌ಇನ್ ನಿಮಗೆ ಕೊಡುವ ಸೋಷಿಯಲ್ ಸೆಲ್ಲಿಂಗ್ ಇಂಡೆಕ್ಸ್ ಅಂಕವನ್ನೂ ಗಮನಿಸುತ್ತಿರಿ, ಅದು ಏರುತ್ತಿದ್ದರೆ ದಾರಿ ಸರಿಯಿದೆ ಎಂದರ್ಥ.

ಹಳೆಯ ಪ್ರತಿನಿಧಿ
ಗಂಟೆಯ ಗುರುತಿನ ಸಲಹೆ ಉಪಯುಕ್ತ. ಉಳಿದುದರಲ್ಲಿ ಹೆಚ್ಚಿನದನ್ನು ನಾನು ಒಪ್ಪುವುದಿಲ್ಲ.

ಆ ಅಂಕ ನೂರಕ್ಕೆ ಲೆಕ್ಕ, ಇಪ್ಪತ್ತೈದರಂತೆ ನಾಲ್ಕು ಭಾಗ. ನೀವು ಲಿಂಕ್ಡ್‌ಇನ್ ಅನ್ನು ಎಷ್ಟು ಚಟುವಟಿಕೆಯಿಂದ ಬಳಸುತ್ತೀರಿ ಎಂಬುದನ್ನು ಅದು ತೋರಿಸುತ್ತದೆ. ಎದುರಿನವರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟಿದೆಯೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಹಳೆಯ ಪೋಸ್ಟ್‌ಗಳಿಗೆ ಒಂದೇ ಸಂಜೆ ಸಾಲಾಗಿ ಲೈಕ್ ಒತ್ತಿದರೆ ಅವರ ಸೂಚನೆಗಳ ಪಟ್ಟಿಯಲ್ಲಿ ನಿಮ್ಮ ಹೆಸರೇ ತುಂಬಿಕೊಳ್ಳುತ್ತದೆ. ಯಾರೋ ತನ್ನನ್ನು ಜಾಲಾಡುತ್ತಿದ್ದಾರೆ ಎಂಬ ಕಸಿವಿಸಿ ಅವರಿಗೆ ಆಗುತ್ತದೆ.

ಇನ್ನು ಕಾಮೆಂಟ್. ತಿಂಗಳ ಕೊನೆಯಲ್ಲಿ ಕಂಪ್ಯೂಟರಿನ ಲೆಕ್ಕಕ್ಕೂ ಕಪಾಟಿನ ಲೆಕ್ಕಕ್ಕೂ ತಾಳೆಯಾಗುವುದಿಲ್ಲ ಎಂದು ಆ ಮುಖ್ಯಸ್ಥರು ಬರೆದರು ಎಂದುಕೊಳ್ಳಿ. ‘ಉತ್ತಮ ಮಾಹಿತಿ’ ಎಂದರೆ ನೀವು ಓದಿದ್ದೀರಿ ಎಂದೂ ಅವರಿಗೆ ಅನಿಸುವುದಿಲ್ಲ. ‘ನಮ್ಮ ಸಾಫ್ಟ್‌ವೇರ್ ಇದನ್ನು ಬಗೆಹರಿಸುತ್ತದೆ’ ಎಂದರೆ ಅವರ ಅಂಗಳದಲ್ಲಿ ನಿಮ್ಮ ಜಾಹೀರಾತು ಹಾಕಿದಂತಾಗುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ: ‘ಎರಡು ತಿಂಗಳ ವ್ಯತ್ಯಾಸದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೀರಾ? ಅವೇ ವಸ್ತುಗಳು ಮತ್ತೆ ಕಾಣಿಸಿಕೊಂಡರೆ, ಗ್ರಾಹಕರು ಹಿಂದಿರುಗಿಸಿದ ಮಾಲು ದಾಖಲಾಗುವ ಮೊದಲೇ ಕಪಾಟಿಗೆ ಹೋಗುತ್ತಿರಬಹುದು. ಪ್ರತಿ ಸಲ ಬೇರೆ ಬೇರೆ ವಸ್ತುಗಳಾದರೆ ಎಣಿಕೆಯಲ್ಲೇ ತಪ್ಪಿರುವ ಸಾಧ್ಯತೆ ಹೆಚ್ಚು.’

ನಾಳೆ ಬೆಳಿಗ್ಗೆ ಯಾರ ನೆರವೂ ಇಲ್ಲದೆ ಅವರು ಇದನ್ನು ಪರೀಕ್ಷಿಸಬಹುದು. ನಿಮ್ಮಿಂದ ಏನನ್ನೂ ಕೊಳ್ಳದಿದ್ದರೂ ಅವರಿಗೆ ಲಾಭವಿದೆ. ಕಾಮೆಂಟ್ ಕಳುಹಿಸುವ ಮೊದಲು ನಾನು ನೋಡುವುದು ಇದೊಂದನ್ನೇ.

‘ಮೂರು ವಾರ’ವನ್ನು ಮರೆತುಬಿಡಿ. ನೀವು ಕಾಯಬೇಕಾದದ್ದು ಅವರ ಕಡೆಯಿಂದ ಬರುವ ಮಾತಿಗೆ. ಅವರು ನಿಮ್ಮ ಕಾಮೆಂಟ್‌ಗೆ ಲೈಕ್ ಒತ್ತುವುದು ಸೌಜನ್ಯ, ‘ಧನ್ಯವಾದ’ ಎನ್ನುವುದೂ ಸೌಜನ್ಯವೇ. ‘ನಮ್ಮಲ್ಲೂ ಹಿಂದಿರುಗಿದ ಮಾಲಿನದೇ ತೊಂದರೆ, ರಾತ್ರಿ ಪಾಳಿಯಲ್ಲಿ ಬಂದದ್ದನ್ನು ಬೆಳಿಗ್ಗೆ ದಾಖಲಿಸುತ್ತಾರೆ’ ಎಂದು ತಮ್ಮ ಕಷ್ಟದ ವಿವರ ಕೊಟ್ಟರೆ, ಅಥವಾ ‘ಬೇರೆಯವರು ಇದನ್ನು ಹೇಗೆ ನಿಭಾಯಿಸುತ್ತಾರೆ?’ ಎಂದು ನಿಮ್ಮನ್ನೇ ಕೇಳಿದರೆ, ಬಾಗಿಲು ತೆರೆದಿದೆ. ಅದು ಮೊದಲ ವಾರವೇ ಬರಬಹುದು, ಎರಡು ತಿಂಗಳಾದರೂ ಬಾರದೆ ಇರಬಹುದು.

ಬರೆಯುವ ಕೈ
ನನ್ನ ಅನುಭವವೂ ಇದೇ. ವಾರಕ್ಕೆ ಹಲವು ಬಾರಿ ಬರೆಯುತ್ತೇನೆ, ಲೈಕ್‌ಗಳು ಚೆನ್ನಾಗಿ ಬರುತ್ತವೆ, ಆದರೆ ಕೊಳ್ಳುವವರು ಯಾರೂ ಇಲ್ಲ. ಬೆಳಿಗ್ಗೆ ಹಾಕಿದರೆ ಒಳ್ಳೆಯದೋ ಸಂಜೆಯೋ? ಚಿತ್ರ ಸೇರಿಸಿದರೆ ಹೆಚ್ಚು ಜನರನ್ನು ತಲುಪುತ್ತದೆಯೇ?

ಹಳೆಯ ಪ್ರತಿನಿಧಿ
ಬರೆಯುವ ಕೈ ಅವರೇ, ಇಲ್ಲಿನ ಮಾತು ಇನ್ನೊಬ್ಬರ ಪೋಸ್ಟ್‌ಗೆ ನಾವು ಬರೆಯುವುದರ ಬಗ್ಗೆ. ಆದರೂ ನಿಮಗೆ ಉಪಯೋಗವಾಗುವ ಒಂದು ಮಾತಿದೆ. ಲೈಕ್ ಒತ್ತಿದವರಲ್ಲಿ ನಿಮ್ಮ ಸೇವೆ ಕೊಳ್ಳುವ ಸ್ಥಾನದಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಪಟ್ಟಿ ತೆರೆದು ನೋಡಿ. ಎಲ್ಲರೂ ನಿಮ್ಮದೇ ವೃತ್ತಿಯವರಾಗಿದ್ದರೆ, ಪೋಸ್ಟ್ ಹಾಕುವ ಹೊತ್ತನ್ನು ಬದಲಿಸಿ ಪ್ರಯೋಜನವಿಲ್ಲ.

ಖರೀದಿ ಮೇಜು
ನಾನು ಮೇಜಿನ ಈ ಬದಿಯಲ್ಲಿರುವವಳು. ಕಂಪನಿಯೊಂದರ ಖರೀದಿ ವಿಭಾಗವನ್ನು ನೋಡಿಕೊಳ್ಳುತ್ತೇನೆ. ನಮಗೆ ಇದು ಹೇಗೆ ಕಾಣುತ್ತದೆ ಎಂದು ಹೇಳಲೇಬೇಕು.

ಮೂರು ವಾರ ನನ್ನ ಪೋಸ್ಟ್‌ಗಳನ್ನು ಹೊಗಳಿದವರು, ನಾನು ಕನೆಕ್ಷನ್ ಒಪ್ಪಿದ ಐದೇ ನಿಮಿಷದಲ್ಲಿ ಉದ್ದದ ಮಾರಾಟ ಪತ್ರ ಕಳುಹಿಸುತ್ತಾರೆ. ಅದನ್ನು ಮೊದಲೇ ಬರೆದಿಟ್ಟಿದ್ದರು ಎಂಬುದು ನೋಡಿದರೇ ತಿಳಿಯುತ್ತದೆ. ಆ ಕ್ಷಣಕ್ಕೆ ಹಿಂದಿನ ಹೊಗಳಿಕೆಗಳೆಲ್ಲ ಸುಳ್ಳಾಗಿ ತೋರುತ್ತವೆ. ಮೊದಲ ದಿನವೇ ಬಂದ ಸಂದೇಶವನ್ನು ನಾನು ಸುಮ್ಮನೆ ಅಳಿಸುತ್ತೇನೆ, ಆದರೆ ಇದು ನೋಯಿಸುತ್ತದೆ.

ಎರಡನೆಯದು, ಪ್ರೊಫೈಲ್‌ನಲ್ಲಿ ನಿಮ್ಮ ಚಟುವಟಿಕೆಯ ಭಾಗವನ್ನು ನಾನು ತೆರೆದು ನೋಡುತ್ತೇನೆ. ನೀವು ಎಲ್ಲೆಲ್ಲಿ ಕಾಮೆಂಟ್ ಮಾಡಿದ್ದೀರಿ ಎಂಬುದು ಅಲ್ಲಿ ಕಾಣುತ್ತದೆ. ಖರೀದಿ ಮುಖ್ಯಸ್ಥರ ಪೋಸ್ಟ್‌ಗಳ ಕೆಳಗೆ ಮಾತ್ರ, ಎಲ್ಲೆಡೆ ಒಂದೇ ಧಾಟಿಯ ವಾಕ್ಯಗಳಿದ್ದರೆ ವಿಷಯ ಸ್ಪಷ್ಟ.

ಮೂರನೆಯದನ್ನು ಮಾರುವವರು ಮರೆಯುತ್ತಾರೆ. ನಾವು ದರಪಟ್ಟಿ ಕರೆದು ಆಯ್ಕೆ ನಡೆಸುತ್ತಿರುವಾಗ ಒಬ್ಬ ಮಾರಾಟಗಾರ ನನ್ನ ಪ್ರತಿಯೊಂದು ಪೋಸ್ಟ್‌ನ ಕೆಳಗೆ ಆತ್ಮೀಯವಾಗಿ ಬರೆದರೆ ನನಗೆ ಮುಜುಗರವಾಗುತ್ತದೆ. ಉಳಿದ ಸ್ಪರ್ಧಿಗಳೂ ಅದನ್ನು ನೋಡುತ್ತಾರೆ. ಆ ಅವಧಿಯಲ್ಲಿ ದಯವಿಟ್ಟು ದೂರವಿರಿ.

ನೇರನುಡಿ
ಹಾಗಾದರೆ ಇಷ್ಟೆಲ್ಲ ಏಕೆ? ಮೋಸವೋ ಅಲ್ಲವೋ ಎಂಬ ಪ್ರಶ್ನೆಯನ್ನು ಯಾರೂ ಮುಟ್ಟುತ್ತಿಲ್ಲ. ಉದ್ದೇಶ ಮುಚ್ಚಿಟ್ಟ ಸ್ನೇಹ ಮೋಸವೇ. ‘ನಾನು ಇದನ್ನು ಮಾರುತ್ತೇನೆ, ನಿಮಗೆ ಬೇಕೇ?’ ಎಂದು ಮೊದಲ ದಿನವೇ ಕೇಳುವವನಲ್ಲಿ ಹೆಚ್ಚು ಪ್ರಾಮಾಣಿಕತೆ ಇದೆ. ನಾನು ಫೋನ್ ಮಾಡುತ್ತೇನೆ, ಬೇಡ ಎಂದರೆ ನಮಸ್ಕಾರ ಹೇಳಿ ಇಡುತ್ತೇನೆ.

ಹಳೆಯ ಪ್ರತಿನಿಧಿ
ಮುಚ್ಚಿಟ್ಟರೆ ಮೋಸ, ಒಪ್ಪುತ್ತೇನೆ. ಆದರೆ ಮುಚ್ಚಿಡಲೇಬೇಕೆಂದು ಯಾರು ಹೇಳಿದರು? ಲಿಂಕ್ಡ್‌ಇನ್‌ನಲ್ಲಿ ಕಾಮೆಂಟ್ ಮಾಡಿದಾಗ ಹೆಸರಿನ ಕೆಳಗೆ ನಿಮ್ಮ ಪರಿಚಯದ ಸಾಲು ಕಾಣುತ್ತದೆ. ಅಲ್ಲಿ ‘ಗೋದಾಮುಗಳಿಗೆ ದಾಸ್ತಾನು ಸಾಫ್ಟ್‌ವೇರ್ ಮಾರಾಟ’ ಎಂದು ನೇರವಾಗಿ ಬರೆದುಕೊಳ್ಳಿ. ‘ಬದಲಾವಣೆಯ ಹರಿಕಾರ’ದಂತಹ ಮಬ್ಬು ಮಾತುಗಳು ಬೇಡ. ನೀವು ಯಾರು ಎಂಬುದು ಮೊದಲ ಕಾಮೆಂಟ್‌ನಿಂದಲೇ ಅವರಿಗೆ ಗೊತ್ತಿರುತ್ತದೆ. ಆಮೇಲೂ ಅವರು ನಿಮ್ಮೊಂದಿಗೆ ಮಾತು ಮುಂದುವರಿಸಿದರೆ, ತಿಳಿದೇ ಮುಂದುವರಿಸಿದ್ದಾರೆ.

ನೇರನುಡಿ ಅವರ ದಾರಿಗೂ ಜಾಗವಿದೆ. ಈ ಕೆಲಸ ಸಮಯ ತಿನ್ನುತ್ತದೆ. ಒಂದು ಒಳ್ಳೆಯ ಕಾಮೆಂಟ್‌ಗೆ ಪೋಸ್ಟ್ ಓದಿ ಯೋಚಿಸಲು ಹದಿನೈದು ನಿಮಿಷ ಬೇಕು. ಆ ಲೆಕ್ಕದಲ್ಲಿ ಏಕಕಾಲಕ್ಕೆ ಹದಿನೈದು ಇಪ್ಪತ್ತು ಮಂದಿಗಿಂತ ಹೆಚ್ಚಿನವರನ್ನು ಯಾರೂ ಶ್ರದ್ಧೆಯಿಂದ ಗಮನಿಸಲಾರರು. ಬೆಲೆ ಕಡಿಮೆಯಿರುವ, ಒಂದೇ ಮಾತಿನಲ್ಲಿ ತೀರ್ಮಾನವಾಗುವ ವಸ್ತುವಿಗೆ ಇದು ದಂಡ. ತಿಂಗಳುಗಟ್ಟಲೆ ಯೋಚಿಸಿ ಕೊಳ್ಳುವ ವಸ್ತುವಿಗೆ ಮಾತ್ರ ಈ ಶ್ರಮ ಸಾರ್ಥಕ. ಎಂದೂ ಪೋಸ್ಟ್ ಮಾಡದವರ ವಿಷಯದಲ್ಲಂತೂ ಈ ದಾರಿಯೇ ಇಲ್ಲ, ಅಂಥವರೇ ಹೆಚ್ಚು. ಅವರಿಗೆ ಫೋನ್ ಅಥವಾ ಇಮೇಲ್ ಮಾಡಬೇಕು.

ಹೊಸಹೆಜ್ಜೆ
ಎಲ್ಲರಿಗೂ ಧನ್ಯವಾದಗಳು. ಪರಿಚಯದ ಸಾಲನ್ನು ಈಗಲೇ ಬದಲಿಸಿದೆ. ಒಂದು ಸಂಗತಿ ಹೇಳಬೇಕು. ಹಿಂದಿರುಗಿದ ಮಾಲಿನ ಬಗ್ಗೆ ನಾನು ಈಗಾಗಲೇ ಒಂದು ಕಾಮೆಂಟ್ ಮಾಡಿದ್ದೆ. ಎಣಿಕೆಗಾಗಿ ಪ್ರತಿ ತಿಂಗಳು ಒಂದು ಭಾನುವಾರ ಇಡೀ ಸಿಬ್ಬಂದಿ ಬರಬೇಕಾಗುತ್ತದೆ, ಅದನ್ನು ತಪ್ಪಿಸಬೇಕು ಎಂದು ಅವರು ಉತ್ತರಿಸಿದ್ದಾರೆ. ಇದು ನೀವು ಹೇಳಿದ ಸೂಚನೆಯೇ? ಹೀಗೆ ಕಳುಹಿಸಲೇ: ‘ನಮಸ್ಕಾರ. ನಿಮ್ಮ ಬರಹಗಳಿಂದ ಬಹಳ ಕಲಿತಿದ್ದೇನೆ. ನಮ್ಮ ಸಾಫ್ಟ್‌ವೇರ್ ಬಗ್ಗೆ ತಿಳಿಸಲು ಅರ್ಧ ಗಂಟೆ ಸಿಗಬಹುದೇ?’

ಹಳೆಯ ಪ್ರತಿನಿಧಿ
ಹೌದು, ಅದೇ ಸೂಚನೆ. ಆದರೆ ಅಲ್ಲೇ, ಎಲ್ಲರೆದುರು ಮೊದಲು ಅವರ ಮಾತಿಗೆ ಉತ್ತರ ಕೊಡಿ. ಎಲ್ಲವನ್ನೂ ಒಂದೇ ದಿನ ಎಣಿಸುವ ಬದಲು ದಿನಕ್ಕೆ ಕೆಲವು ಕಪಾಟುಗಳಂತೆ ಸರದಿಯಲ್ಲಿ ಎಣಿಸುವ ಪದ್ಧತಿಯಿದೆ, ಬೇಗ ಖರ್ಚಾಗುವ ವಸ್ತುಗಳನ್ನು ಹೆಚ್ಚು ಬಾರಿ, ಉಳಿದವನ್ನು ಅಪರೂಪಕ್ಕೆ. ಇದನ್ನು ನಿಮ್ಮ ಸಾಫ್ಟ್‌ವೇರ್ ಇಲ್ಲದೆಯೂ ಶುರುಮಾಡಬಹುದು. ಅದನ್ನು ಬರೆದು ಒಂದೆರಡು ದಿನ ಬಿಟ್ಟು ಕನೆಕ್ಷನ್ ಕೋರಿಕೆ ಕಳುಹಿಸಿ. ಅದರ ಟಿಪ್ಪಣಿಗೆ ಜಾಗ ಚಿಕ್ಕದು, ಎರಡು ಸಾಲು ಸಾಕು.

ನಿಮ್ಮ ಕರಡಿನಲ್ಲಿ ‘ಬಹಳ ಕಲಿತಿದ್ದೇನೆ’ ಯಾರಿಗೆ ಬೇಕಾದರೂ ಬರೆಯಬಹುದಾದ ಸಾಲು, ತೆಗೆಯಿರಿ. ಅವರು ಒಪ್ಪಿದ ಮೇಲೆ ಹೀಗೆ ಬರೆಯಿರಿ: ‘ಭಾನುವಾರದ ಎಣಿಕೆಯನ್ನು ತಪ್ಪಿಸಬೇಕು ಎಂದಿದ್ದಿರಿ. ಹಿಂದಿರುಗಿದ ಮಾಲನ್ನು ಬಾಗಿಲಲ್ಲೇ ಸ್ಕ್ಯಾನ್ ಮಾಡಿ ದಾಖಲಿಸುವ ಸಾಫ್ಟ್‌ವೇರ್ ನಾವು ಮಾರುತ್ತೇವೆ. ರಾತ್ರಿ ಪಾಳಿಯಿರುವ ಗೋದಾಮಿನಲ್ಲಿ ಅದು ಹೇಗೆ ನಡೆಯುತ್ತದೆ ಎಂದು ತೋರಿಸಬಲ್ಲೆ. ಈಗ ಬೇಡವೆಂದರೆ ಒಂದು ಮಾತು ತಿಳಿಸಿ, ಮತ್ತೆ ಕೇಳುವುದಿಲ್ಲ.’ ಬೇಡ ಎಂದರೆ ನಿಜವಾಗಿಯೂ ಕೇಳಬೇಡಿ, ಆದರೆ ಅವರ ಪೋಸ್ಟ್‌ಗಳಿಗೆ ಬರೆಯುವುದನ್ನೂ ನಿಲ್ಲಿಸಬೇಡಿ. ಆ ದಿನದಿಂದ ನೀವು ಮಾಯವಾದರೆ ಮೊದಲಿನದೆಲ್ಲ ಯಾತಕ್ಕಾಗಿ ಎಂದು ಅವರಿಗೆ ತಿಳಿದುಬಿಡುತ್ತದೆ.

ವೇಗದೂತ
ಹಳೆಯ ಲೈಕ್‌ಗಳ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಆದರೆ ನನಗೆ ತಿಂಗಳ ಗುರಿ ಇರುತ್ತದೆ. ಎರಡು ತಿಂಗಳು ಸೂಚನೆ ಬಾರದಿದ್ದರೆ ಮೇಲಧಿಕಾರಿಗೆ ಏನು ಹೇಳಲಿ?

ಹಳೆಯ ಪ್ರತಿನಿಧಿ
ಆರೇಳು ವಾರವಾದರೂ ಒಂದೂ ಉತ್ತರ ಬಾರದಿದ್ದರೆ ಅವರ ಹೆಸರನ್ನು ಪಟ್ಟಿಯಿಂದ ಕೆಳಗಿಳಿಸಿ, ಆ ಜಾಗಕ್ಕೆ ಇನ್ನೊಬ್ಬರನ್ನು ತನ್ನಿ. ಈ ತಿಂಗಳ ಗುರಿಯನ್ನು ಇದರ ಮೇಲೆ ಮಾತ್ರ ನಿಲ್ಲಿಸಬೇಡಿ.

ಖರೀದಿ ಮೇಜು
ಇಲ್ಲಿ ನನ್ನ ಅಭಿಪ್ರಾಯ ಬೇರೆ. ಪಟ್ಟಿಯಿಂದ ಇಳಿಸುವ ಮೊದಲು ಒಮ್ಮೆ ನೇರವಾಗಿ ಕೇಳಿ. ನಮ್ಮಲ್ಲಿ ಎಷ್ಟೋ ಮಂದಿ ಕಾಮೆಂಟ್‌ಗಳನ್ನು ಓದುತ್ತೇವೆ, ಸಾರ್ವಜನಿಕವಾಗಿ ಉತ್ತರಿಸುವುದಿಲ್ಲ. ಕಂಪನಿಯ ತೊಂದರೆಯನ್ನು ಎಲ್ಲರೆದುರು ಹೇಳಿಕೊಳ್ಳಲು ನಮಗೆ ಅನುಮತಿಯೂ ಇರುವುದಿಲ್ಲ. ಮೌನವನ್ನು ಬೇಡವೆಂದು ಓದಬೇಡಿ.

ನೇರನುಡಿ
ಅಂದರೆ ಕೊನೆಗೂ ನೇರವಾಗಿ ಕೇಳಿ ಎಂದೇ ಆಯಿತಲ್ಲ. ನಾನು ಅದನ್ನು ಮೊದಲ ದಿನ ಕೇಳುತ್ತೇನೆ, ನೀವು ಐವತ್ತನೆಯ ದಿನ ಕೇಳುತ್ತೀರಿ.

ಖರೀದಿ ಮೇಜು
ಐವತ್ತನೆಯ ದಿನ ಕೇಳುವವರ ಸಂದೇಶದಲ್ಲಿ ನಮ್ಮ ರಾತ್ರಿ ಪಾಳಿಯ ಮಾತು ಇರುತ್ತದೆ. ನಿಮ್ಮ ಫೋನ್ ಕರೆಯಲ್ಲಿ ಅದು ಇದ್ದರೆ ನಾನು ಮೊದಲ ದಿನವೂ ಕೇಳಿಸಿಕೊಳ್ಳುತ್ತೇನೆ.