ಪದಚರ್ಚೆ: ‘ಸ್ಥಿರ ಪ್ರಮಾಣ’ ಎಂದರೆ ಸ್ಥಿರವಾಗಿರುವುದು ಯಾವುದು?

ಧಾರವಾಡದಿಂದ, ಅನುವಾದಕಿ

ಎಲ್ಲರಿಗೂ ನಮಸ್ಕಾರ. ಕ್ಷಯಕ್ಕೆ ಔಷಧ ತೆಗೆದುಕೊಳ್ಳುತ್ತಿರುವ ಮಕ್ಕಳ ಮನೆಯವರಿಗಾಗಿ ಎರಡು ಪುಟದ ಕೈಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದನ್ನು ಓದುವವರು ತಾಯಂದಿರು, ಅಜ್ಜಿಯರು, ಆಶಾ ಕಾರ್ಯಕರ್ತೆಯರು. ಮೂರು ಪದಗಳ ಬಳಿ ಕೈ ಕಟ್ಟಿದಂತಾಗಿದೆ.

ಮಕ್ಕಳ ಮಾತ್ರೆಯಲ್ಲಿ ಐಸೋನಿಯಾಜಿಡ್ 50, ರಿಫಾಂಪಿಸಿನ್ 75, ಪೈರಾಜಿನಮೈಡ್ 150 ಮಿಲಿಗ್ರಾಂ ಒಟ್ಟಿಗೆ ಇರುತ್ತವೆ. ಹಳೆಯ ಕೈಪತ್ರವೊಂದರಲ್ಲಿ ಇದನ್ನು ‘ಸ್ಥಿರ ಪ್ರಮಾಣದ ಸಂಯೋಜನೆ’ ಎಂದು ಕರೆದಿದ್ದಾರೆ. ಅದನ್ನು ನಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಓದಿ ಹೇಳಿದೆ. ಅವರು ತಕ್ಷಣ ಕೇಳಿದರು: “ಹಾಗಾದರೆ ಮೊದಲ ದಿನ ಎಷ್ಟು ಮಾತ್ರೆ ಕೊಟ್ಟೆವೋ ಕೊನೆಯವರೆಗೂ ಅಷ್ಟೇ ಕೊಡಬೇಕೇ, ಅಕ್ಕಾ?” ಕೈಪತ್ರ ಹೇಳಬೇಕಾದದ್ದು ಇದಕ್ಕೆ ನೇರ ವಿರುದ್ಧವಾದ ಮಾತು.

ಎರಡನೆಯದು ‘ತೂಕದ ಪಟ್ಟಿ’. ಇಷ್ಟು ಕಿಲೋದಿಂದ ಇಷ್ಟು ಕಿಲೋದವರೆಗಿನ ಮಕ್ಕಳಿಗೆ ಇಷ್ಟು ಮಾತ್ರೆ ಎಂದು ಭಾಗ ಮಾಡಿರುತ್ತಾರಲ್ಲ, ಆ ಒಂದೊಂದು ಭಾಗಕ್ಕೆ ಈ ಹೆಸರು ಇಟ್ಟಿದ್ದಾರೆ. ಆದರೆ ಜನರ ಬಾಯಲ್ಲಿ ಪಟ್ಟಿ ಎಂದರೆ ಸಾಲಾಗಿ ಬರೆದ ಯಾದಿ, ಇಲ್ಲವೇ ಗಾಯಕ್ಕೆ ಕಟ್ಟುವ ಬಟ್ಟೆ. ಮೂರನೆಯದು ಪಿರಿಡಾಕ್ಸಿನ್. ಹಳೆಯ ಪತ್ರ ಅದನ್ನು ‘ಶಕ್ತಿ ಮಾತ್ರೆ’ ಎಂದಿದೆ. ಸರಿಯೇ? ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ?

ಮೈಸೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕ

ತಾಯಿ, ‘ಮಾತ್ರೆ’ ಎಂಬ ಪದವನ್ನೇ ಒಮ್ಮೆ ನೋಡಿ. ಸಂಸ್ಕೃತದ ಮಾತ್ರಾ ಎಂದರೆ ಅಳತೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎನ್ನುವುದೂ ಅದೇ ಪದ. ಅಳೆದು ಮಾಡಿದ್ದಕ್ಕೇ ಮಾತ್ರೆ ಎಂದು ಹೆಸರಾಗಿರುವಾಗ ಅದಕ್ಕೆ ಮತ್ತೆ ‘ಪ್ರಮಾಣ’ ಸೇರಿಸುವುದು ದಂಡ. ‘ಕೂಡು ಮಾತ್ರೆ’ ಎನ್ನಿ, ಸಾಕು. ಕೂಡು ಕುಟುಂಬ ಎನ್ನುವಂತೆಯೇ ಇದೂ ನಾಲಿಗೆಗೆ ಹಗುರ.

ತೂಕದ್ದಕ್ಕೆ ‘ತೂಕದ ಹಂತ’ ಎಂಬುದು ನನ್ನ ಸಲಹೆ. ಮೂರನೆಯದಕ್ಕೆ ‘ಶಕ್ತಿ ಮಾತ್ರೆ’ ಎಂಬುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಪಿರಿಡಾಕ್ಸಿನ್ ಎಂದರೆ ಬಿ6 ಜೀವಸತ್ವ. ಕ್ಷಯದಲ್ಲಿ ಮಗು ಸೊರಗಿರುತ್ತದೆ, ಮೈ ತುಂಬಿಕೊಳ್ಳಲಿ ಎಂದು ಕೊಡುತ್ತಾರೆ.

ಶಿವಮೊಗ್ಗದಿಂದ, ಒಬ್ಬ ಅಜ್ಜ

ನಾನು ಭಾಷೆ ಬಲ್ಲವನಲ್ಲ, ಇಲ್ಲಿ ಓದಿಕೊಂಡು ಇರುವವನು. ನನ್ನ ಮೊಮ್ಮಗಳಿಗೆ ಇದೇ ಮಾತ್ರೆ ನಡೆಯುತ್ತಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಅವಳ ತೂಕ 7 ಕಿಲೋ 600 ಗ್ರಾಂ. ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯಲ್ಲಿ ‘4–7 ಕಿಲೋ: ಒಂದು ಮಾತ್ರೆ, 8–11 ಕಿಲೋ: ಎರಡು ಮಾತ್ರೆ’ ಎಂದು ಅಚ್ಚಾಗಿದೆ. 7 ದಾಟಿದೆ, 8 ಆಗಿಲ್ಲ. ಅವಳು ಯಾವುದರಲ್ಲೂ ಇಲ್ಲ! ಒಂದೂವರೆ ಕೊಡಬೇಕೇ ಎಂದು ಮಗ ಕೇಳುತ್ತಾನೆ. ಇನ್ನೊಂದು ಸಂಗತಿ. ನನಗೇ ಹಿಂದೆ ಕ್ಷಯವಾಗಿದ್ದಾಗ ಅಂಗಾಲು ಉರಿಯುತ್ತಿತ್ತು, ಬೆರಳು ಜೋಮು ಹಿಡಿಯುತ್ತಿತ್ತು. ಸಣ್ಣದೊಂದು ವಿಟಮಿನ್ ಮಾತ್ರೆ ಶುರು ಮಾಡಿದ ಮೇಲೆ ಕಡಿಮೆಯಾಯಿತು. ಮಗುವಿಗೆ ಬಾಳೆಹಣ್ಣು ಚೆನ್ನಾಗಿ ತಿನ್ನಿಸಿದರೆ ಆ ಮಾತ್ರೆ ಬೇಡವಲ್ಲವೇ?

ಬಳ್ಳಾರಿಯಿಂದ, ಮಕ್ಕಳ ವೈದ್ಯೆ

ಅಜ್ಜನವರೇ, ನಿಮ್ಮ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅದು ಔಷಧದ ಪ್ರಶ್ನೆಯಂತೆ ಕಂಡರೂ ಬೇರಿರುವುದು ಭಾಷೆಯಲ್ಲಿ. ‘4–7’ ಎಂದರೆ ನಾಲ್ಕರಿಂದ ಎಂಟು ತುಂಬುವವರೆಗೆ. ನಿಮ್ಮ ಮೊಮ್ಮಗಳಿಗೆ ಎಂಟು ತುಂಬಿಲ್ಲ, ಆದ್ದರಿಂದ ಅವಳು ಒಂದು ಮಾತ್ರೆಯವಳು. ಒಂದೂವರೆ ಬೇಡ. ಆದರೆ ಮುಂದಿನ ಭೇಟಿಯಲ್ಲಿ ಅವಳನ್ನು ಮತ್ತೆ ತೂಗಿಸಿ, ಎಂಟು ತುಂಬಿದ ಕೂಡಲೇ ಕೇಂದ್ರದವರಿಗೆ ತಿಳಿಸಿ.

ಅನುವಾದಕಿಯವರೇ, ‘ತುಂಬು’ ಎಂಬ ಕ್ರಿಯಾಪದ ನಮ್ಮಲ್ಲಿ ಇರುವಾಗ ಅಡ್ಡಗೆರೆ ಏಕೆ? ವಯಸ್ಸಿಗೆ ‘ಐದು ತುಂಬಿತು’ ಎನ್ನುವ ತಾಯಿ ತೂಕಕ್ಕೂ ಹಾಗೆಯೇ ತಿಳಿದುಕೊಳ್ಳುತ್ತಾಳೆ. ‘8 ತುಂಬಿದರೆ ಎರಡು, 12 ತುಂಬಿದರೆ ಮೂರು, 16 ತುಂಬಿದರೆ ನಾಲ್ಕು, 25 ತುಂಬಿದ ಮೇಲೆ ಲೆಕ್ಕ ಬೇರೆ, ದೊಡ್ಡವರ ಮಾತ್ರೆ ಸೇರುತ್ತದೆ’ ಎಂದು ಬರೆದುಬಿಡಿ. ಏಳೂವರೆ ಕಿಲೋದ ಮಗು ಎಲ್ಲಿಯೂ ಬಿದ್ದುಹೋಗುವುದಿಲ್ಲ.

‘ಸ್ಥಿರ’ ಎಂಬ ಪದವನ್ನು ದಯವಿಟ್ಟು ತೆಗೆಯಿರಿ. ಅದು ಮಾಡಿದ ಹಾನಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ವರ್ಷ ಎರಡು ತಿಂಗಳ ಹುಡುಗ, ಆರಂಭದಲ್ಲಿ 7 ಕಿಲೋ 200 ಗ್ರಾಂ. ದಿನಕ್ಕೊಂದು ಮಾತ್ರೆ. ಔಷಧ ಹಿಡಿಯಿತು, ಜ್ವರ ಇಳಿಯಿತು, ಹಸಿವು ಬಂತು, ಎರಡು ತಿಂಗಳಾಗುವ ಹೊತ್ತಿಗೆ 8 ಕಿಲೋ 300 ಗ್ರಾಂ. ಕಾರ್ಡಿನಲ್ಲಿ ತೂಕವನ್ನು ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದರು, ಆದರೆ ಮಾತ್ರೆಯ ಸಂಖ್ಯೆಯ ಅಂಕಣದಲ್ಲಿ ಕೊನೆಯವರೆಗೂ ಒಂದು, ಒಂದು, ಒಂದು. ನನ್ನ ಬಳಿಗೆ ಬಂದಾಗ ಮಗು 9 ಕಿಲೋ. ತಾಯಿಯನ್ನು ಕೇಳಿದರೆ, “ಪ್ರಮಾಣ ಸ್ಥಿರ, ಬದಲಾಯಿಸಬಾರದು ಎಂದು ಹಾಳೆಯಲ್ಲಿ ಇದೆಯಲ್ಲ, ಡಾಕ್ಟರೇ” ಎಂದಳು. ಅವಳು ಓದಿದ್ದು ಸರಿಯಾಗಿಯೇ ಇತ್ತು.

ಲೆಕ್ಕ ನೋಡಿ. ಮಕ್ಕಳಿಗೆ ಐಸೋನಿಯಾಜಿಡ್ ಕಿಲೋಗೆ ಸುಮಾರು 10 ಮಿಲಿಗ್ರಾಂ ಬೇಕು, 7ಕ್ಕಿಂತ ಇಳಿಯಬಾರದು, 15 ಮೀರಬಾರದು. 9 ಕಿಲೋದ ಹುಡುಗನಿಗೆ ಒಂದೇ ಮಾತ್ರೆಯ 50 ಮಿಲಿಗ್ರಾಂ ಎಂದರೆ ಕಿಲೋಗೆ ಐದೂವರೆ. ರಿಫಾಂಪಿಸಿನ್ ಕನಿಷ್ಠ 10 ಇರಬೇಕಾದಲ್ಲಿ ಎಂಟು ಚಿಲ್ಲರೆ. ಎರಡು ಮಾತ್ರೆ ಕೊಟ್ಟರೆ ಸುಮಾರು 11 ಮತ್ತು 17, ಎರಡೂ ಮಿತಿಯೊಳಗೆ. ಒಂದರಿಂದ ಎರಡಕ್ಕೆ ಹೋದಾಗ ಮನೆಯವರಿಗೆ ‘ದುಪ್ಪಟ್ಟಾಯಿತು’ ಎಂಬ ಹೆದರಿಕೆ ಸಹಜ. ಈ ಲೆಕ್ಕವನ್ನು ಒಮ್ಮೆ ಹೇಳಿದರೆ ಹೆದರಿಕೆ ಇಳಿಯುತ್ತದೆ.

ಹಾಗಾದರೆ ಸ್ಥಿರವಾಗಿರುವುದು ಯಾವುದು? ಒಂದು ಮಾತ್ರೆಯೊಳಗೆ ಮೂರು ಔಷಧಗಳು ಪರಸ್ಪರ ಇರುವ ಪಾಲು ಮಾತ್ರ. ಮಾತ್ರೆಯ ಸಂಖ್ಯೆ ಮಗುವಿನ ತೂಕದ ಜೊತೆ ಏರಬೇಕು. ಈ ಅಳತೆಯ ಮಕ್ಕಳ ಮಾತ್ರೆ ಲೋಕಕ್ಕೆ ಬಂದದ್ದೇ 2015ರ ಡಿಸೆಂಬರಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮಕ್ಕಳ ಅಳತೆಯನ್ನು ಏರಿಸಿದ ಮೇಲೂ ಐದು ವರ್ಷ ಅದಕ್ಕೆ ಹೊಂದುವ ಮಾತ್ರೆ ಇರಲಿಲ್ಲ, ಎಷ್ಟೋ ಕಡೆ ದೊಡ್ಡವರ ಮಾತ್ರೆಯನ್ನು ಮುರಿದು, ಅರೆದು ಕೊಡುತ್ತಿದ್ದರು. ಅಂಥ ಕಷ್ಟದಿಂದ ಬಂದ ಮಾತ್ರೆ ಒಂದು ಪದದಿಂದಾಗಿ ಕಡಿಮೆ ಬೀಳಬಾರದು.

ಮೇಷ್ಟ್ರೇ, ‘ಕೂಡು ಮಾತ್ರೆ’ ನನಗೆ ತುಂಬ ಹಿಡಿಸಿತು. ಆದರೆ ‘ಹಂತ’ ನಮ್ಮಲ್ಲಿ ಈಗಾಗಲೇ ಬಳಕೆಯಲ್ಲಿದೆ. ಮೊದಲ ಎರಡು ತಿಂಗಳು ತೀವ್ರ ಹಂತ, ಆಮೇಲಿನದು ಮುಂದುವರಿಕೆ ಹಂತ. ‘ಎರಡನೇ ಹಂತಕ್ಕೆ ಬಂದಿದೆ’ ಎಂದರೆ ತಿಂಗಳಿನದೋ ತೂಕದ್ದೋ ತಿಳಿಯುವುದಿಲ್ಲ.

ಪಿರಿಡಾಕ್ಸಿನ್ ಬಗ್ಗೆ ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಅದು ಬಿ6 ಎಂಬುದು ನಿಜ, ಮೈ ತುಂಬಿಸಲು ಕೊಡುತ್ತೇವೆ ಎಂಬುದು ಅಲ್ಲ. ಐಸೋನಿಯಾಜಿಡ್ ದೇಹದಲ್ಲಿರುವ ಬಿ6ಕ್ಕೆ ಅಂಟಿಕೊಂಡು ಅದನ್ನು ಮೂತ್ರದಲ್ಲಿ ಹೊರಗೆ ಒಯ್ಯುತ್ತದೆ, ಉಳಿದದ್ದು ಕೆಲಸ ಮಾಡದಂತೆಯೂ ತಡೆಯುತ್ತದೆ. ಕೊರತೆ ಮೊದಲು ಕಾಣಿಸುವುದು ಕೈಕಾಲಿನ ನರಗಳಲ್ಲಿ. ಅಜ್ಜನವರ ಉರಿ, ಜೋಮು ಅದೇ ಆಗಿದ್ದಿರಬಹುದು. ದೊಡ್ಡವರು ಹೇಳಿಕೊಳ್ಳುತ್ತಾರೆ. ಒಂದು ವರ್ಷದ ಮಗು ಹೇಳುವುದಿಲ್ಲ. ನಡೆಯುತ್ತಿದ್ದದ್ದು ನಡೆಯಲು ಹಟ ಮಾಡುತ್ತದೆ, ಹೆಜ್ಜೆ ತಡವರಿಸುತ್ತದೆ, ಹಿಡಿದದ್ದನ್ನು ಕೈಬಿಡುತ್ತದೆ. ಎದೆಹಾಲೇ ಆಧಾರವಾದ ಕೂಸು, ಅಪೌಷ್ಟಿಕತೆಯ ಮಗು, ಎಚ್‌ಐವಿ ಇರುವ ಮಗು ಇವರಲ್ಲಿ ಅಪಾಯ ಹೆಚ್ಚು. ಬಾಳೆಹಣ್ಣು ತಿನ್ನಿಸಿ, ಒಳ್ಳೆಯದು, ಆದರೆ ಅದು ಈ ಮಾತ್ರೆಯ ಬದಲಿಗೆ ಆಗುವುದಿಲ್ಲ. ಮಕ್ಕಳಿಗೆ ದಿನಕ್ಕೆ 5ರಿಂದ 10 ಮಿಲಿಗ್ರಾಂ ಸಾಕು. ವಿಟಮಿನ್ ತಾನೇ ಎಂದು ಸುರಿಯಲೂಬಾರದು. ಬಹಳ ದಿನ ಅತಿಯಾದರೆ ಬಿ6 ಸ್ವತಃ ನರಗಳಿಗೆ ಕೆಡುಕು ಮಾಡುತ್ತದೆ.

ದಾವಣಗೆರೆಯಿಂದ, ಔಷಧ ವಿತರಕ

ಮೇಡಂ ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ನಾನು ದಿನವೂ ಮಾತ್ರೆ ಎಣಿಸಿ ಕೊಡುವವನು. ಪೈರಾಜಿನಮೈಡ್, ಪಿರಿಡಾಕ್ಸಿನ್ ಈ ಎರಡು ಹೆಸರುಗಳನ್ನು ಕನ್ನಡದಲ್ಲಿ ಬರೆದು ನೋಡಿ. ಕೆಲವರು ಎರಡಕ್ಕೂ ‘ಪೈರಿ’ ಎಂದೇ ಮೊದಲುಮಾಡುತ್ತಾರೆ. ಎರಡು ತಿಂಗಳಾದ ಮೇಲೆ ನಿಲ್ಲುವುದು ಪೈರಾಜಿನಮೈಡ್. ಪಿರಿಡಾಕ್ಸಿನ್ ಐಸೋನಿಯಾಜಿಡ್ ಇರುವವರೆಗೂ ನಡೆಯಬೇಕು. ಒಬ್ಬ ತಂದೆ ‘ಪೈರಿ ನಿಲ್ಲಿಸಿ ಎಂದಿದ್ದಾರೆ’ ಎಂದು ಸಣ್ಣ ಮಾತ್ರೆಯ ಹಾಳೆಯನ್ನು ನನಗೆ ಹಿಂದಿರುಗಿಸಲು ಬಂದಿದ್ದರು. ಪೈರಾಜಿನಮೈಡ್ ಬೇರೆಯಾಗಿ ನಿಲ್ಲಿಸುವಂಥದ್ದೇ ಅಲ್ಲ, ಅದು ಕೂಡು ಮಾತ್ರೆಯೊಳಗೆ ಇರುತ್ತದೆ, ಎರಡು ತಿಂಗಳ ಬಳಿಕ ಕೇಂದ್ರದಲ್ಲಿಯೇ ಅದಿಲ್ಲದ ಕೂಡು ಮಾತ್ರೆ ಕೊಡುತ್ತಾರೆ. ಆದ್ದರಿಂದ ಮನೆಯವರ ಕೈಪತ್ರದಲ್ಲಿ ಪೈರಾಜಿನಮೈಡ್ ಹೆಸರೇ ಬೇಡ ಎಂಬುದು ನನ್ನ ಅಭಿಪ್ರಾಯ.

‘ಶಕ್ತಿ ಮಾತ್ರೆ’ ಎಂದರೆ ಮಗು ಗುಂಡಗಾದ ದಿನ ಅದನ್ನು ನಿಲ್ಲಿಸುತ್ತಾರೆ. ನಾನು ‘ನರ ಕಾಯುವ ಮಾತ್ರೆ’ ಎಂದು ಹೇಳಿ ಕೊಡುತ್ತೇನೆ. ಹಾಗೆಯೇ ‘ನೀರಿನಲ್ಲಿ ಕರಗುವ ಮಾತ್ರೆ’ ಎಂದೂ ಬರೆಯಬೇಡಿ. ಅದು ಸಕ್ಕರೆಯಂತೆ ಕರಗುವುದಿಲ್ಲ, ಬಿರಿದು ನೀರೆಲ್ಲ ಕದಡುತ್ತದೆ. ಲೋಟದ ತಳದಲ್ಲಿ ಗಷ್ಟು ಉಳಿಯುತ್ತದೆ, ಅದೂ ಔಷಧವೇ. ಇನ್ನಷ್ಟು ನೀರು ಹಾಕಿ ಅಲುಗಿಸಿ ಅದನ್ನೂ ಕುಡಿಸಬೇಕು. ‘ಕದಡುವ ಮಾತ್ರೆ’ ಎಂದರೆ ಅದು ತಾನಾಗಿ ಹೊಳೆಯುತ್ತದೆ.

ಮೈಸೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕ

‘ಶಕ್ತಿ ಮಾತ್ರೆ’ಯನ್ನು ಹಿಂದಕ್ಕೆ ಪಡೆಯುತ್ತೇನೆ, ಡಾಕ್ಟರೇ. ತೂಕಕ್ಕೆ ‘ಮೆಟ್ಟಿಲು’ ಹೇಗೆ? ‘ತೂಕದ ಎರಡನೇ ಮೆಟ್ಟಿಲು’ ಎಂದಾಗ ಏರುವ ಅರ್ಥ ತಾನೇ ಬರುತ್ತದೆ.

ಧಾರವಾಡದಿಂದ, ಅನುವಾದಕಿ

ಕೂಡು ಮಾತ್ರೆ, ನರ ಕಾಯುವ ಮಾತ್ರೆ, ಕದಡುವ ಮಾತ್ರೆ ಮೂರೂ ಕೈಪತ್ರಕ್ಕೆ ಹೋಗಿವೆ. ನಡುವೆ ಎಲ್ಲೂ ‘ಸ್ಥಿರ’ ಇಲ್ಲ. ‘ಮೆಟ್ಟಿಲು’ ಎಂಬುದನ್ನು ಆಶಾ ಕಾರ್ಯಕರ್ತೆಗೆ ಓದಿ ತೋರಿಸಿದೆ. ಏರುವುದು ತಿಳಿಯುತ್ತದೆ, ಆದರೆ ಕಾಯಿಲೆ ಮರುಕಳಿಸಿ ಮಗು ಸೊರಗಿ ತೂಕ ಇಳಿದಾಗ ಏನೆನ್ನಲಿ, ‘ಮೆಟ್ಟಿಲು ಇಳಿಯಿತು’ ಎಂದರೆ ತಾಯಿ ಅಳುತ್ತಾಳೆ ಎಂದರು. ಅವರಿಗೆ ‘ತೂಕದ ಗುಂಪು’ ಇಷ್ಟ. ನನಗೆ ಗುಂಪು ಎಂದರೆ ಮಕ್ಕಳ ಗುಂಪು ಎನ್ನಿಸುತ್ತದೆ. ಸದ್ಯಕ್ಕೆ ಆ ಜಾಗದಲ್ಲಿ ಹೆಸರನ್ನೇ ಇಡದೆ, ವೈದ್ಯೆಯವರು ಹೇಳಿದ ‘ತುಂಬಿದರೆ’ಯ ನಾಲ್ಕು ಸಾಲುಗಳನ್ನು ಬರೆದಿದ್ದೇನೆ. ಮುದ್ರಣಕ್ಕೆ ಇನ್ನೂ ಎರಡು ವಾರ ಇದೆ. ಬೇರೆ ಪದ ಹೊಳೆದವರು ಬರೆಯಿರಿ.